ಸೊಸೆಯ ಫೈಲು, ಮಗನ ರಿಪೋರ್ಟು

“ನನ್ ಮಗನ ಮೈಯಾಗ ಯಾವ ಊನಾನೂ ಇಲ್ಲಲ್ಲ ಮೇಷ್ಟ್ರೇ, ಹಂಗಾದ್ರ ಗರ್ಭ ಯಾಕ ನಿಲ್ಲವಲ್ದು?”

ಈ ವಾರವೆಲ್ಲ ಅದೇ ಮಾತು ಕಿವಿಯಲ್ಲಿದೆ. ದಾವಣಗೆರೆಯ ನಮ್ಮ ಓಣಿಯವರೇ. ಎರಡು ಸಲ ಗರ್ಭಪಾತವಾದ ಸೊಸೆಗೆ ಆಗದ ಪರೀಕ್ಷೆಯಿಲ್ಲ, ಅವಳ ಫೈಲು ಇಟ್ಟಿಗೆಯಷ್ಟು ದಪ್ಪ. ಮಗನದು ವೀರ್ಯ ಪರೀಕ್ಷೆ ಮಾತ್ರ. ‘ನಾರ್ಮಲ್’ ಬಂದಿತ್ತು, ಅಲ್ಲಿಗೆ ಮುಗಿದಿತ್ತು. ಕೊನೆಗೆ ಯಾರೋ ಡಾಕ್ಟರು ಇಬ್ಬರ ಕ್ರೋಮೋಸೋಮೂ ನೋಡಿಸಿದಾಗ ಅವನ ರಿಪೋರ್ಟಿನಲ್ಲಿ `46,XY,inv(5)(p13q33)` ಎಂದಿತ್ತು. ಬಯಾಲಜಿ ಮೇಷ್ಟ್ರು ಅಂತ ನನ್ನ ಹತ್ತಿರ ತಂದರು.

ಅಂದರೆ ಐದನೇ ಕ್ರೋಮೋಸೋಮಿನ ಜೋಡಿಯಲ್ಲಿ ಒಂದು ಎರಡು ಕಡೆ ತುಂಡಾಗಿ, ಅದರ ನಡುವಿನ ಭಾಗ ತಲೆಕೆಳಗಾಗಿ ಕೂತಿದೆ. ಇದೇ ಇನ್ವರ್ಷನ್. ಕಳೆದದ್ದೇನೂ ಇಲ್ಲ, ಹೆಚ್ಚಿದ್ದೇನೂ ಇಲ್ಲ. ಅದಕ್ಕೇ ಅವನು ಗಟ್ಟಿಮುಟ್ಟು. ತಾಯಿಯ ಮಾತು ಅಲ್ಲಿಯವರೆಗೆ ನೂರಕ್ಕೆ ನೂರು ನಿಜ.

ತೊಡಕು ಶುರುವಾಗುವುದು ವೀರ್ಯಾಣು ತಯಾರಾಗುವ ಕೋಶವಿಭಜನೆಯಲ್ಲಿ, ಅಂದರೆ ಮಿಯಾಸಿಸ್‌ನಲ್ಲಿ. ಪೇಪರಿನ ಹಿಂದೆ ಬರೆದು ತೋರಿಸಿದೆ. ನೆಟ್ಟಗಿರುವುದು ಕ ಖ • ಗ ಘ ಚ, ತಿರುವಿದ್ದು ಕ ಘ ಗ • ಖ ಚ. ಚುಕ್ಕೆ ಅಂದರೆ ಸೆಂಟ್ರೋಮಿಯರ್, ಕ್ರೋಮೋಸೋಮಿನ ಸೊಂಟ. ಜೋಡಿಯಾಗುವಾಗ ಖ ಎದುರಿಗೆ ಖ, ಗ ಎದುರಿಗೆ ಗ ಬರಬೇಕು. ಹಾಗೆ ಬರಬೇಕಾದರೆ ನಡುವಿನ ಭಾಗ ಸುತ್ತು ಹಾಕಿ ಕುಣಿಕೆಯಾಗಲೇಬೇಕು. ಆಗ ಎರಡೂ ಕ್ರೋಮೋಸೋಮು ಎರಡೆರಡು ಎಳೆಯಾಗಿರುತ್ತವೆ, ಒಟ್ಟು ನಾಲ್ಕು. ಕುಣಿಕೆಯೊಳಗೆ, ಗ–ಘ ನಡುವೆ ಎಳೆಗಳು ಅದಲುಬದಲಾದವು ಅನ್ನಿ. ಒಂದು ಎಳೆ ನೆಟ್ಟಗಿದ್ದುದರಲ್ಲಿ ಹೊರಟು, ತಿರುವಿದ್ದಕ್ಕೆ ದಾಟಿ, ಮತ್ತೆ ಕ ತುದಿಗೇ ಬಂದು ಮುಟ್ಟುತ್ತದೆ: ಕ ಖ • ಗ ಘ ಕ. ಕ ಎರಡು, ಚ ಇಲ್ಲ. ಇನ್ನೊಂದು ಚ ಖ • ಗ ಘ ಚ. ಇದರಲ್ಲಿ ಚ ಎರಡು, ಕ ಇಲ್ಲ. ಅದಲುಬದಲಿನಲ್ಲಿ ಸೇರದ ಉಳಿದೆರಡು ಎಳೆ ಮೊದಲಿನಂತೆಯೇ ಇರುತ್ತವೆ, ಒಂದು ನೆಟ್ಟಗೆ, ಒಂದು ತಿರುವಿ. ಹೀಗೆ ನಾಲ್ಕರಲ್ಲಿ ಎರಡು ಕೆಟ್ಟವು. ತಮಾಷೆಯೆಂದರೆ ಏರುಪೇರಾಗುವುದು ತಿರುವಿದ ಭಾಗವಲ್ಲ, ಅದರ ಹೊರಗೆ ಸುಮ್ಮನಿದ್ದ ತುದಿಗಳು.

ಅಂಥ ವೀರ್ಯಾಣುವೂ ಈಜುತ್ತದೆ, ಅಂಡವನ್ನು ಸೇರುತ್ತದೆ; ವೀರ್ಯ ಪರೀಕ್ಷೆಗೆ ಅದು ಕಾಣುವುದಿಲ್ಲ. ಬೀಳುವುದು ಭ್ರೂಣ.

“ಹಂಗಾದ್ರ ಪ್ರತಿ ಸಲ ಅರ್ಧಕ್ಕರ್ಧನಾ?” ಎಂದು ಸೊಸೆ ಕೇಳಿದಳು. ಗಂಡ ಮೊಬೈಲು ತಿರುವುತ್ತಾ ಕೂತಿದ್ದ. ಇಲ್ಲಮ್ಮ, ಅದಲುಬದಲು ಕುಣಿಕೆಯೊಳಗೇ ಆದರೆ ಮಾತ್ರ ಆ ಲೆಕ್ಕ. ಹೊರಗಾದರೆ ನಾಲ್ಕೂ ಸಮತೋಲದವು. ಚಿಕ್ಕ ಇನ್ವರ್ಷನ್‌ನಲ್ಲಿ ಒಳಗಾಗುವುದೇ ಅಪರೂಪ. ಒಂಬತ್ತನೇ ಕ್ರೋಮೋಸೋಮಿನಲ್ಲಿ ಸೆಂಟ್ರೋಮಿಯರ್ ಸುತ್ತ ಕಾಣುವ ಸಾಮಾನ್ಯ ಇನ್ವರ್ಷನ್‌ಗಂತೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇವನದು ಕ್ರೋಮೋಸೋಮಿನ ಅರ್ಧಕ್ಕಿಂತ ಹೆಚ್ಚು, ಒಳಗಾಗುವ ಅವಕಾಶ ದೊಡ್ಡದು. ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ತಿರುವಿದ ಭಾಗ ದೊಡ್ಡದಾದಷ್ಟೂ ಹೊರಗಿನ ತುದಿ ಚಿಕ್ಕದು, ಏರುಪೇರೂ ಚಿಕ್ಕದು. ಆಗ ಗರ್ಭ ಬೀಳದೆ, ತೊಂದರೆಯಿರುವ ಮಗುವೇ ಹುಟ್ಟಬಹುದು. ಅದಕ್ಕೇ ಮುಂದಿನ ಸಲ ಗರ್ಭ ನಿಂತರೆ ಭ್ರೂಣದ ಕ್ರೋಮೋಸೋಮು ನೋಡಿಸಬೇಕು. ಆರೋಗ್ಯವಂತ ಮಗುವಿಗೂ ದಾರಿ ಇದ್ದೇ ಇದೆ.

ನನಗೆ ಸಿಟ್ಟು ಬಂದದ್ದು ಆ ಹುಡುಗನ ಮೇಲೆ, ಅತ್ತೆಯ ಮೇಲಲ್ಲ. ಆಕೆ ನನ್ನ ವಿದ್ಯಾರ್ಥಿಗಳು ಕೇಳದ್ದನ್ನು ಕೇಳಿದರು. ಇದು ಅಪ್ಪ ಅಮ್ಮನಿಂದ ಬಂದಿರಬಹುದು ಎಂದಾಗ ಒಂದು ಗಳಿಗೆ ಸುಮ್ಮನಿದ್ದು, “ನನಗೂ ಇವನಕಿಂತ ಮೊದಲು ಎರಡು ಹೋಗಿದ್ವು. ನಮ್ಮತ್ತಿ ನನ್ನನ್ನ ಅಂದಿದ್ದೇ ಅಂದಿದ್ದು” ಎಂದರು. ಹಾಗಾದರೆ ನೀವು, ಯಜಮಾನರು, ಚಿತ್ರದುರ್ಗದ ಮಗಳು, ಮೂವರೂ ರಕ್ತ ಕೊಡಿ ಅಂದೆ. ಮಗಳ ಮದುವೆ ಹೋದ ವರ್ಷವಷ್ಟೇ ಆಗಿದೆ. ಬೀಗರಿಗೆ ಏನಂತ ಹೇಳುವುದು ಎಂಬ ಚರ್ಚೆ ಅಲ್ಲೇ ಶುರುವಾಯಿತು.