ಪುರಿ ಅಲ್ಲ, ಮಂಡಕ್ಕಿ

ಮೈಸೂರಿನಿಂದ ದಾವಣಗೆರೆಗೆ ನಾವು ಬಂದದ್ದು ನವೆಂಬರ್‌ನಲ್ಲಿ. ಮನೆಯವರಿಗೆ ವರ್ಗ ಆಗಿತ್ತು, ಜೂನ್‌ವರೆಗೆ ಕಾಯುವ ಹಾಗಿರಲಿಲ್ಲ. ಟಿಸಿ ತಂದೆವು, ವಿದ್ಯಾನಗರದಲ್ಲಿ ಮನೆ ಹಿಡಿದೆವು, ಮಗಳನ್ನು ನಾಲ್ಕನೇ ಕ್ಲಾಸಿಗೆ ಸೇರಿಸಿದೆವು. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ.

ಎರಡನೇ ವಾರ ಹೊಟ್ಟೆನೋವು ಶುರುವಾಯ್ತು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಜ್ವರ, ವಾಂತಿ, ರಾತ್ರಿ ನೋವಿಂದ ಏಳುತ್ತಾಳಾ ಅಂತೆಲ್ಲ ವಿಚಾರಿಸಿ, ಕೊನೆಗೆ "ಭಾನುವಾರ ನೋವು ಬರುತ್ತಾಮ್ಮಾ?" ಅಂದರು. ಭಾನುವಾರ ಒಂದು ಸಲವೂ ಬಂದಿರಲಿಲ್ಲ! "ಹಾಗಂತ ನಾಟಕ ಅಂದ್ಕೋಬೇಡಿ, ಅವಳಿಗೆ ನಿಜವಾಗ್ಲೂ ನೋಯುತ್ತೆ. ಆದ್ರೆ ಮನೇಲಿ ಉಳಿಸ್ಕೊಂಡಷ್ಟೂ ಮಾರನೇ ದಿನ ಹೋಗೋದು ಇನ್ನೂ ಕಷ್ಟ." ನಾನಾಗಲೇ ಮೂರು ದಿನ ಉಳಿಸಿಕೊಂಡಿದ್ದೆ.

ಇನ್ನೊಂದು ತಪ್ಪೂ ನನ್ನದೇ. ಸ್ಕೂಲ್ ಗೇಟಿನಲ್ಲೇ ದಿನಾ "ಫ್ರೆಂಡ್ಸ್ ಆದ್ರಾ?" ಅಂತ ಕೇಳುತ್ತಿದ್ದೆ. ಪಾಪ, ಅದು ಅವಳಿಗೆ ದಿನಾ ಫೇಲಾಗುವ ಪರೀಕ್ಷೆ. ಪ್ರಶ್ನೆ ಬದಲಾಯಿಸಿ, "ಇವತ್ತು ಎಲ್ಲಿ ಕೂತು ಊಟ ಮಾಡಿದೆ?" ಅಂದೆ. ಕೈ ತೊಳೆಯುವ ನಲ್ಲಿ ಹತ್ತಿರ, ಒಬ್ಬಳೇ. ಯಾಕೆ ಅಂದರೆ, ಯಾರದೋ ಡಬ್ಬಿ ನೋಡಿ "ಪುರಿನಾ?" ಅಂದಳಂತೆ, "ಪುರಿ ಅಲ್ಲಲೇ, ಮಂಡಕ್ಕಿ!" ಅಂತ ಎಲ್ಲರೂ ನಕ್ಕರಂತೆ. ನಮಗೆ ನಗು ಬರೋ ವಿಷಯ. ಅವಳು ಆಮೇಲೆ ಬಾಯೇ ಬಿಟ್ಟಿರಲಿಲ್ಲ.

ಟೀಚರಿಗೆ ಬರೀ "ಮಗು ಡಲ್ಲಾಗಿದೆ" ಅಂದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಪಾಠದ ಹೊತ್ತಲ್ಲಿ ತೊಂದರೆ ಇಲ್ಲ, ಊಟದ ಅರ್ಧ ಗಂಟೆಯೇ ಕಷ್ಟ ಅಂತ ಹೇಳಿದೆ. ಅವರು ಇವಳಿಗೂ ಇನ್ನೊಂದು ಹುಡುಗಿಗೂ ನೋಟ್‌ಬುಕ್ ಹಂಚುವ ಕೆಲಸ ಕೊಟ್ಟರು. ಸ್ನೇಹ ಮಾಡಿಕೊಳ್ಳಿ ಅಂತ ಯಾರೂ ಹೇಳಲಿಲ್ಲ, ಸುಮ್ನೆ ಕೆಲಸ, ಅಷ್ಟೆ.

ಎರಡು ವಾರ ಬಿಟ್ಟು, ಅವರಮ್ಮನ್ನ ಕೇಳಿ, ಶನಿವಾರ ಸ್ಕೂಲು ಬಿಟ್ಟ ಮೇಲೆ ಆ ಹುಡುಗಿಯನ್ನು ಮನೆಗೆ ಕರೆದೆ. ಅವಳೊಬ್ಬಳನ್ನೇ ಕರೆದೆ, ಯಾಕಂದ್ರೆ ಮೂವರಾದರೆ ಒಬ್ಬರು ಹೊರಗುಳಿಯುತ್ತಾರೆ, ಆ ಒಬ್ಬರು ನನ್ನ ಮಗಳೇ ಆಗಿರುತ್ತಿದ್ದಳು. ಎರಡೇ ಗಂಟೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ್ದೆ. ಅವಳು ಬಜ್ಜಿ ಮುರಿದು ಮಂಡಕ್ಕಿ ಜೊತೆ ತಿನ್ನೋದು ಹೇಗೆ ಅಂತ ಟೀಚರಮ್ಮನ ಥರ ತೋರಿಸಿಕೊಟ್ಟಳು.

ಮೈಸೂರಿನ ಗೆಳತಿಯ ಜೊತೆ ಭಾನುವಾರ ವಿಡಿಯೋ ಕಾಲ್ ಇತ್ತು. ಬರಬರುತ್ತಾ ಮಾತು ಕಮ್ಮಿಯಾಯ್ತು. ಒಂದಿನ "ಅವಳ ಬೆಂಚಲ್ಲಿ ಈಗ ಬೇರೆಯವಳು ಕೂತ್ಕೋತಾಳೆ" ಅಂತ ಅತ್ತಳು. ಇಲ್ಲೂ ಸಿಗ್ತಾರೆ ಬಿಡು ಅನ್ನೋದು ಬಾಯಿ ತುದಿಗೆ ಬಂದಿತ್ತು. ಹಿಂದೊಮ್ಮೆ ಹಾಗಂದಾಗ "ನಿಂಗೇನೂ ಗೊತ್ತಿಲ್ಲ" ಅಂತ ಬಾಗಿಲು ಹಾಕಿಕೊಂಡಿದ್ದಳು. ಈ ಸಲ ಪಕ್ಕದಲ್ಲಿ ಕೂತೆ.

ಸಂಕ್ರಾಂತಿಗೆ ಮೈಸೂರಿಗೆ ಹೋಗಿ ಬಂದ ಮಾರನೇ ಬೆಳಿಗ್ಗೆ, ಎಂಟಕ್ಕೆ, ಮತ್ತೆ ಹೊಟ್ಟೆನೋವು. ಬಿಸಿನೀರು ಕೊಟ್ಟೆ, ಗೇಟಿನವರೆಗೆ ಕೈ ಹಿಡಿದು ಹೋದೆ. ಮೂರನೇ ದಿನ ನೋವಿನ ಮಾತೇ ಇಲ್ಲ, ಡಬ್ಬಿಗೆ ಎರಡು ಚಮಚ ಹಾಕು ಅಂದಳು.