ಮಾವಿನಿಂದ ಬಾಳೆಗೆ ಒಂದೇ ವಾರ

14 ಜೂನ್ 2024, ಶುಕ್ರವಾರ

ಹೋದ ವಾರ ಹೊಟ್ಟೆಯಲ್ಲಿರೋ ನಮ್ಮ ಮಗು ಮಾವಿನಹಣ್ಣಿನಷ್ಟು ಇತ್ತು, 15 ಸೆಂಟಿಮೀಟರ್. ಈ ವಾರ, ಅಂದರೆ 20ನೇ ವಾರಕ್ಕೆ, ಬಾಳೆಹಣ್ಣು. 25 ಸೆಂಟಿಮೀಟರ್ ಅಂತೆ. ಹೇಳಿದ್ದು ಇವರ ಮೊಬೈಲ್ ಆ್ಯಪ್. ಏಳು ದಿನಕ್ಕೆ 10 ಸೆಂಟಿಮೀಟರ್ ಬೆಳೆಯೋದುಂಟಾ ಅಂತ ಇವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅಮ್ಮನಿಗೆ ಫೋನಲ್ಲಿ ಹೇಳಿದರೆ ಅವಳದು ಬೇರೆಯೇ ಪ್ರಶ್ನೆ. "ಯಾವ ಬಾಳೆಹಣ್ಣೇ? ಏಲಕ್ಕಿನಾ, ಪಚ್ಚಬಾಳೆನಾ?"

ಇವತ್ತು ಐದನೇ ತಿಂಗಳ ಸ್ಕ್ಯಾನಿಂಗ್ ಇತ್ತು. ಇವರು ಒಳಗೆ ಬಂದವರೇ ಅದನ್ನೇ ಕೇಳಿಬಿಟ್ಟರು. ಡಾಕ್ಟರ್ ನಕ್ಕರು. "ಮಗು ಹಾಗೆ ಹಾರಿಲ್ಲ, ಅಳೆಯೋ ಜಾಗ ಬದಲಾಗಿದೆ ಅಷ್ಟೇ." ಮೊದಲ ತಿಂಗಳುಗಳಲ್ಲಿ ಕಾಲು ಪುಟ್ಟದು, ಮಡಚಿಕೊಂಡೇ ಇರುತ್ತೆ. ಅದಕ್ಕೇ ನೆತ್ತಿಯಿಂದ ಕುಂಡಿಯವರೆಗೆ ಮಾತ್ರ ಉದ್ದ ಹಿಡಿಯುತ್ತಾರೆ. 20ನೇ ವಾರದಿಂದ ಆ್ಯಪ್‌ಗಳ ಈ ಪಟ್ಟಿಗಳು ನೆತ್ತಿಯಿಂದ ಹಿಮ್ಮಡಿಯವರೆಗಿನ ಉದ್ದ ಕೊಡೋಕೆ ಶುರು ಮಾಡುತ್ತವೆ. ಹೆಚ್ಚಿಗೆ ಬಂದಿದ್ದರಲ್ಲಿ ಬಹುಪಾಲು ಕಾಲಿನ ಉದ್ದ. ನಿಜವಾದ ಬೆಳವಣಿಗೆ ಒಂದು ಸೆಂಟಿಮೀಟರ್ ಆಸುಪಾಸು.

ಆ 20 ವಾರ ಅನ್ನೋದೂ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದ್ದು. ಮಗುವಿನ ವಯಸ್ಸು ನಿಜಕ್ಕೂ ಸುಮಾರು 18 ವಾರ.

ಆಮೇಲೆ ನೋಡಿದರೆ, ಅವರು ಪೂರ್ತಿ ಉದ್ದ ಅಳೆಯಲೇ ಇಲ್ಲ! ತೊಡೆ ಮೂಳೆ ತೆರೆಯ ಮೇಲೆ ಬೆಳ್ಳಗೆ ಸಣ್ಣ ಗೆರೆ ಹಾಗೆ ಕಂಡಿತು. ಆ ತುದಿಗೊಂದು, ಈ ತುದಿಗೊಂದು ಗುರುತು ಇಟ್ಟರು. 33 ಮಿಲಿಮೀಟರ್. ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆಯನ್ನೂ ಹೀಗೇ ತೆಗೆದುಕೊಂಡರು. ಇವನ್ನೆಲ್ಲ ಸೇರಿಸಿ ಮೆಷಿನ್ನೇ ತೂಕ ಲೆಕ್ಕ ಹಾಕುತ್ತೆ. ರಿಪೋರ್ಟಿನಲ್ಲಿ ಬಂದಿದ್ದು 330 ಗ್ರಾಂ, ಪಕ್ಕದಲ್ಲೇ 50 ಗ್ರಾಂ ಹೆಚ್ಚುಕಮ್ಮಿ ಅಂತ. ಅಂದರೆ 280 ಇದ್ದರೂ ಇರಬಹುದು, 380 ಇದ್ದರೂ ಇರಬಹುದು. ಮಾಮೂಲಿ ಬಾಳೆಹಣ್ಣು ಇಷ್ಟು ತೂಗಲ್ಲ, ಬಿಡಿ.

"ಹಾಗಾದರೆ ಸರಿಯಾಗಿ ಬೆಳೀತಿದೆ ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?" ಅಂದೆ.

ಒಂದು ಸಲದ ಅಳತೆ ನೋಡಿ ಹೇಳೋಕಾಗಲ್ಲ ಅಂದರು. ಕೆಲವು ವಾರ ಬಿಟ್ಟು ತೆಗೆದ ಎರಡು ಅಳತೆಗಳನ್ನು ಬೆಳವಣಿಗೆಯ ಗೆರೆಗಳಿರೋ ಚಾರ್ಟಿನ ಮೇಲೆ ಇಟ್ಟು ನೋಡಬೇಕು. ಚಿಕ್ಕ ಮಗು ತನ್ನ ಗೆರೆಯಲ್ಲೇ ಏರ್ತಾ ಹೋದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಮೇಲಿದ್ದದ್ದು ಕೆಳಗಿನ ಗೆರೆಗೆ ಇಳಿದರೆ ನೋಡಬೇಕು. ಅದರಲ್ಲೂ ಹೊಟ್ಟೆಯ ಸುತ್ತಳತೆ. ಮಗುವಿಗೆ ಪೋಷಣೆ ಸಾಲದಿದ್ದರೆ ಲಿವರಿನಲ್ಲಿ ಕೂಡಿಟ್ಟಿದ್ದು ಮೊದಲು ಖರ್ಚಾಗುತ್ತೆ, ಹೊಟ್ಟೆ ಸಣ್ಣಗಾಗುತ್ತೆ. ತಲೆ ಮಾತ್ರ ಬೆಳೀತಾನೇ ಇರಬಹುದು.

ಕೇಳಿದಾಗ ಹೊಟ್ಟೆಯ ಮೇಲೆ ತಂತಾನೇ ಕೈ ಹೋಯಿತು. ಮನೆಗೆ ಬಂದು ಊಟ ಮಾಡಿದ್ದೇ ನೆನಪಿಲ್ಲ.

ಆ ಆ್ಯಪ್ ಅಳಿಸಿ ಹಾಕಿ ಅಂದರೆ ಇವರು ಕೇಳಬೇಕಲ್ಲ. ಮುಂದಿನ ವಾರ ಕ್ಯಾರೆಟ್ ಅಂತೆ. ಹಣ್ಣಿನ ಪಟ್ಟಿಗೆ ಕ್ಯಾರೆಟ್ ಯಾಕೆ ಬಂತು ಅಂತ ಕೇಳಿದರೆ, ಉದ್ದ ಸರಿ ಹೋಗಬೇಕಲ್ಲ ಅಂತಾರೆ.