ಒಂದೇ ಟೆರೇಸು, ಎರಡು ಥರ ಬಾಡಿದ ಗಿಡಗಳು

ಹೋದ ವರ್ಷ ಏಪ್ರಿಲ್ ಮೊದಲನೇ ವಾರ, ಬೆಳಿಗ್ಗೆ ಏಳು ಗಂಟೆಗೆ ಫೋನು. ಮೈಸೂರಿನ ಕುವೆಂಪುನಗರದ ಒಂದು ಮನೆಯವರು, ಬ್ಯಾಂಕಿಂದ ರಿಟೈರ್ ಆದ ಸರ್, ಫೆಬ್ರವರಿಯಲ್ಲಿ ಅವರ ಟೆರೇಸ್ ಮೇಲೆ 40 ಕುಂಡದ ಗಾರ್ಡನ್ ಮಾಡಿಕೊಟ್ಟಿದ್ದೆ. "ನೋಡಮ್ಮ, ನೀವು ಕೊಟ್ಟ ಗಿಡ ಎಲ್ಲಾ ಬಾಡ್ತಾ ಇದಾವೆ, ನಾನು ದಿನಾ ನೀರು ಹಾಕ್ತೀನಿ, ಒಂದಿನಾನೂ ತಪ್ಪಿಸಿಲ್ಲ, ಬಂದು ನೋಡ್ಕೊಂಡು ಹೋಗಿ" ಅಂದ್ರು. ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಜಾಸ್ತಿ ಇತ್ತು, ಅದೇ ನನಗೆ ಹೆಚ್ಚು ನೋವಾಗಿದ್ದು.

ನಂದು ಬೋಗಾದಿ ಕಡೆ ಒಂದು ಸಣ್ಣ ನರ್ಸರಿ. ಮೊದಲು ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ತಿದ್ದೆ, ಮನೆ ತುಂಬ ಗಿಡ ಇತ್ತು, ಅದೇ ಕೆಲಸ ಆಯ್ತು. ಗಿಡ ಮಾರೋದರ ಜೊತೆಗೆ ಟೆರೇಸ್ ಗಾರ್ಡನ್ ಹಾಕಿಕೊಡೋದು, ಆಮೇಲೆ ತಿಂಗಳಿಗೆ ಎರಡು ಸಲ ಹೋಗಿ ನೋಡ್ಕೊಳ್ಳೋದು, ಇಷ್ಟು ಮಾಡ್ತೀವಿ. ಈ ಮನೆಯವರು ಮೇಂಟೆನೆನ್ಸ್ ಬೇಡ ಅಂದಿದ್ರು, ನಾವೇ ನೋಡ್ಕೋತೀವಿ ಟೈಮ್ ಇದೆ ಅಂತ. ಹಾಗಾಗಿ ಫೆಬ್ರವರಿ ಆದ್ಮೇಲೆ ನಾನು ಆ ಟೆರೇಸ್ ಹತ್ತಲೇ ಇಲ್ಲ.

ನಮ್ಮ ಜೊತೆ ಕೆಲಸ ಮಾಡೋ ಮಾಲಿ ಅಣ್ಣನ್ನ ಕರ್ಕೊಂಡು ಒಂಬತ್ತು ಗಂಟೆಗೆ ಹೋದೆ. ಮೇಲೆ ಹತ್ತಿ ನೋಡಿದ್ರೆ ಪೂರ್ವದ ಪ್ಯಾರಪೆಟ್ ಗೋಡೆ ಸಾಲಲ್ಲಿ 8 ಗುಲಾಬಿ 6 ದಾಸವಾಳ, ಎಲ್ಲಾ ತಲೆ ಬಗ್ಗಿಸಿಕೊಂಡು ನಿಂತಿದ್ವು. ಆ ಕಡೆ ನೀರಿನ ಟ್ಯಾಂಕ್ ನೆರಳಲ್ಲಿ ಇಟ್ಟಿದ್ದ ಮಲ್ಲಿಗೆ, ಕರಿಬೇವು, ತುಳಸಿ ಸಾಲಲ್ಲೂ ನಾಲ್ಕೈದು ಸೊರಗಿದ್ವು. ಮಣ್ಣು ಮುಟ್ಟಿ ನೋಡಿದ್ರೆ ಎರಡೂ ಸಾಲು ಒದ್ದೆ. ಮಾಲಿ ಅಣ್ಣ "ನೀರು ಜಾಸ್ತಿ ಆಗಿದೆ ಅಕ್ಕ, ಒಂದು ವಾರ ನಿಲ್ಲಿಸ್ಬೇಕು" ಅಂದ. ನನಗೂ ಹಾಗೇ ಅನ್ನಿಸ್ತು, ಹೇಳಿಬಿಟ್ಟು ಬರೋಣ ಅಂತ ಬಾಯಿ ತೆಗೆದಿದ್ದೆ. ಆದ್ರೆ ಒಂದು ವಿಷಯ ಹೊಂದ್ತಾ ಇರ್ಲಿಲ್ಲ. ಗುಲಾಬಿ ಎಲೆ ಅಂಚು ಗರಿಗರಿ ಒಣಗಿತ್ತು, ಕೈಯಲ್ಲಿ ಹಿಡಿದ್ರೆ ಪುಡಿ ಆಗ್ತಿತ್ತು. ಮಲ್ಲಿಗೆದು ಕೆಳಗಿನ ಎಲೆ ಹಳದಿ ಆಗಿ ಮೆತ್ತಗೆ ಜೋತು ಬಿದ್ದಿತ್ತು. ಎರಡಕ್ಕೂ ಒಂದೇ ಕಾಯಿಲೆ ಆಗಿದ್ರೆ ಎಲೆ ಎರಡು ಥರ ಯಾಕೆ ಸಾಯುತ್ತೆ?

ಸರಿ, ಬೇರು ನೋಡದೆ ಏನೂ ಹೇಳಬಾರದು ಅಂತ ಒಂದು ಗುಲಾಬಿ ಕುಂಡ ಅಡ್ಡ ಮಲಗಿಸಿ ಸುತ್ತ ತಟ್ಟಿ ಗಿಡ ಹೊರಗೆ ಎಳೆದ್ವಿ. ಸುತ್ತ ಇದ್ದ ನಮ್ಮ ಮಣ್ಣಿನ ಮಿಕ್ಸ್ ತೇವವಾಗಿ ಸಡಿಲವಾಗಿ ಉದುರಿತು. ಮಧ್ಯದಲ್ಲಿ ಉಳಿದಿದ್ದು ಎರಡು ಮುಷ್ಟಿ ಸೇರಿಸಿದಷ್ಟು ದಪ್ಪದ ಒಂದು ಮಣ್ಣಿನ ಹೆಂಟೆ. ಅದು ಇಟ್ಟಿಗೆ ಥರ ಗಟ್ಟಿ, ಒಣಕಲು. ಚಾಕುವಿಂದ ಸೀಳಿದ್ರೆ ಒಳಗೆ ಧೂಳು. ಬೇರೆಲ್ಲ ಅದರೊಳಗೇ ಇತ್ತು, ಹೊರಗೆ ಒಂದು ಬೆರಳಷ್ಟು ದೂರಾನೂ ಬಂದಿರ್ಲಿಲ್ಲ. ಅಂದ್ರೆ ಸರ್ ದಿನಾ ಹಾಕಿದ ನೀರು ಆ ಗಿಡದ ಬೇರಿಗೆ ಮುಟ್ಟೇ ಇಲ್ಲ. ಎರಡು ತಿಂಗಳು ಒದ್ದೆ ಮಣ್ಣಿನ ನಡುವೆ ನಿಂತು ಗಿಡ ಬಾಯಾರಿಕೆಯಿಂದ ಸಾಯ್ತಾ ಇತ್ತು.

ಇದು ಹೇಗೆ ಆಯ್ತು ಅಂತ ಹೇಳ್ಬೇಕು, ಯಾಕಂದ್ರೆ ನರ್ಸರಿಯಿಂದ ಗಿಡ ತರೋ ಎಲ್ಲರಿಗೂ ಇದು ಆಗಬಹುದು. ನಮ್ಮ ಕಡೆ ನರ್ಸರಿಗಳಿಗೆ ಗುಲಾಬಿ, ದಾಸವಾಳ, ಇಂಥಾ ಗಿಡಗಳು ತುಂಬಾ ಬರೋದು ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂ ಕಡೆಯಿಂದ, ಲಾರಿಯಲ್ಲಿ. ದೂರದ ದಾರೀಲಿ ಬೇರು ಅಲ್ಲಾಡಬಾರದು ಅಂತ ಅಂಟು ಜೇಡಿಮಣ್ಣಲ್ಲಿ ಉಂಡೆ ಕಟ್ಟಿರ್ತಾರೆ. ಪ್ರಯಾಣಕ್ಕೆ ಅದು ಒಳ್ಳೇದೇ. ಆದ್ರೆ ಆ ಉಂಡೆ ಹಾಗೇ ತೆಗೆದು ಕೊಕೊಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ ಹಾಕಿದ ಸಡಿಲ ಮಿಕ್ಸ್ ಒಳಗೆ ಇಟ್ರೆ ತೊಂದರೆ ಶುರು. ಜೇಡಿಮಣ್ಣು ಒಂದು ಸಲ ಚೆನ್ನಾಗಿ ಒಣಗಿದ್ರೆ ಕುಗ್ಗಿ ಸುತ್ತ ಸಣ್ಣ ಸಂದು ಬಿಡುತ್ತೆ, ಆಮೇಲೆ ನೀರು ಹಾಕಿದ್ರೆ ನೀರು ಸುಲಭದ ದಾರಿ ಹಿಡಿದು ಸಂದಿಂದ, ಸಡಿಲ ಮಿಕ್ಸಿಂದ ಇಳಿದು ಕೆಳಗಿನ ತೂತಿಂದ ಹೋಗುತ್ತೆ. ಮೇಲೆ ನೋಡಿದ್ರೆ ಒದ್ದೆ, ಕೆಳಗೆ ನೀರು ಬರ್ತಿದೆ, ಎಲ್ಲಾ ಸರಿ ಇದೆ ಅನ್ಸುತ್ತೆ. ಫೆಬ್ರವರಿ ಚಳಿಯಲ್ಲಿ ಗೊತ್ತಾಗಲ್ಲ, ಮಾರ್ಚ್ ಬಿಸಿಲಿಗೆ ಟೆರೇಸ್ ಕಾದಾಗ ಗೊತ್ತಾಗುತ್ತೆ. ಅವತ್ತು ನೀರು ನಿಲ್ಲಿಸಿ ಅಂತ ಹೇಳಿ ಬಂದಿದ್ರೆ ಉಳಿದಿದ್ದ ಗಿಡಾನೂ ನಾವೇ ಕೊಂದ ಹಾಗೆ ಆಗ್ತಿತ್ತು.

ಆಮೇಲೆ ಟ್ಯಾಂಕ್ ಹತ್ತಿರದ ಸಾಲಿಗೆ ಹೋದ್ವಿ. ಕರಿಬೇವಿನ ಕುಂಡ ಎತ್ತಿದ್ರೆ ಮಾಲಿ ಅಣ್ಣನಿಗೇ ಭಾರ ಅನ್ನಿಸ್ತು, ಮತ್ತೆ ಕೆಳಗೆ ನಾನು ಕೊಡದೇ ಇದ್ದ ಪ್ಲಾಸ್ಟಿಕ್ ತಟ್ಟೆ ಇತ್ತು, ಅದರ ತುಂಬ ನೀರು. ಟೈಲ್ಸ್ ಮೇಲೆ ಕೆಂಪು ಕಲೆ ಬೀಳುತ್ತೆ, ಸ್ಲ್ಯಾಬ್ ಸೋರುತ್ತೆ ಅನ್ನೋ ಭಯಕ್ಕೆ ಸರ್ ಆ ಸಾಲಿಗೆಲ್ಲ ತಟ್ಟೆ ತಂದು ಇಟ್ಟಿದ್ರು. ಭಯ ತಪ್ಪಲ್ಲ, ಮನೆ ಕಟ್ಟಿದವರಿಗೇ ಗೊತ್ತು ಆ ಸಂಕಟ. ಆದ್ರೆ ನೆರಳು, ತಟ್ಟೆ ತುಂಬ ನೀರು, ದಿನಾ ಮತ್ತೆ ನೀರು, ಬೇರಿಗೆ ಗಾಳಿ ಎಲ್ಲಿಂದ ಬರ್ಬೇಕು? ಗಿಡ ಹೊರಗೆ ಎಳೆದ ತಕ್ಷಣ ಮೋರಿ ವಾಸನೆ. ಬೇರು ಬಿಳಿ ಇರಬೇಕಾಗಿದ್ದು ಕಂದು ಆಗಿತ್ತು, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ್ರೆ ಸಿಪ್ಪೆ ಕಳಚಿ ಕೈಗೆ ಬಂತು, ಒಳಗೆ ಬರೀ ದಾರ ಉಳೀತು. ಅದು ಬೇರು ಕೊಳೆ ಅನ್ನೋದಕ್ಕೆ ಬೇರೆ ಗುರುತು ಬೇಕಾಗಿಲ್ಲ.

ಸರ್ ಪಕ್ಕದಲ್ಲೇ ನಿಂತು ಎರಡೂ ಬೇರು ಕೈಯಲ್ಲಿ ಹಿಡಿದು ನೋಡಿದ್ರು. "ಅಲ್ಲಮ್ಮ, ಎರಡಕ್ಕೂ ಒಂದೇ ಮಗ್‌ನಲ್ಲಿ ಒಂದೇ ಅಳತೆ ಹಾಕಿದೀನಲ್ಲ" ಅಂದ್ರು. ಅವರು ಹೇಳಿದ್ದು ನಿಜ. ಜೇಡಿ ಉಂಡೆ ಒಡೆಯದೆ ಹಾಕಿದ್ದು ನಮ್ಮ ತಪ್ಪು, ತಟ್ಟೆ ಇಡಬೇಡಿ ಅಂತ ಹೇಳದೇ ಇದ್ದಿದ್ದೂ ನಮ್ಮ ತಪ್ಪೇ, ಹಾಗಂತ ಅವರಿಗೆ ಹೇಳಿದೆ. ನಾನು ಕೊಟ್ಟಿದ್ದ 30 ದಿನದ ರೀಪ್ಲೇಸ್‌ಮೆಂಟ್ ಮಾತು ಮುಗಿದಿತ್ತು, ಆದ್ರೂ ಸತ್ತಿದ್ದೆಲ್ಲ ಬದಲಾಯಿಸಿ ಕೊಡ್ತೀನಿ ಅಂದೆ.

ಗುಲಾಬಿ ದಾಸವಾಳಕ್ಕೆ ಮಾಡಿದ್ದು ಇಷ್ಟು. ಬಟ್ಟೆ ಒಗೆಯೋ ದೊಡ್ಡ ಟಬ್‌ನಲ್ಲಿ ನೀರು ತುಂಬಿ ಹೆಂಟೆ ಪೂರ್ತಿ ಮುಳುಗೋ ಹಾಗೆ ಇಟ್ವಿ. ಗುಳುಗುಳು ಅಂತ ಗುಳ್ಳೆ ಬರೋಕೆ ಶುರು ಆಗುತ್ತೆ, ಅದು ನಿಲ್ಲೋವರೆಗೆ ಬಿಡ್ಬೇಕು, ಅರ್ಧ ಗಂಟೆ ಆಯ್ತು. ಮೆತ್ತಗಾದ ಮೇಲೆ ಹೊರಗಿನ ಜೇಡಿ ಮಾತ್ರ ಬೆರಳಲ್ಲಿ ಸವರಿ ತೆಗೆದು, ಮೂರು ಕಡೆ ಚಾಕುವಲ್ಲಿ ಮೇಲಿಂದ ಕೆಳಕ್ಕೆ ಗೀರು ಹಾಕಿ ನೆಟ್ವಿ. ಪೂರ್ತಿ ಜೇಡಿ ತೊಳೆದು ನೆಡೋದು ಮಳೆಗಾಲದಲ್ಲಾದ್ರೆ ಸರಿ, ಏಪ್ರಿಲ್ ಬಿಸಿಲಲ್ಲಿ ಮಾಡಿದ್ರೆ ಸಣ್ಣ ಬೇರು ಹರಿದು ಗಿಡ ಮೇಲೇಳಲ್ಲ. ಕೊಂಬೆ ಮೂರರಲ್ಲಿ ಒಂದು ಪಾಲು ಕತ್ತರಿಸಿ ಹತ್ತು ದಿನ ನೆರಳಲ್ಲಿ ಇಟ್ವಿ.

ಕೊಳೆತ ಸಾಲಿಗೆ ಇದರ ಉಲ್ಟಾ. ಕಂದು ಬೇರು ಕತ್ತರಿಸಿ, ಹಳೇ ಮಣ್ಣು ಉದುರಿಸಿ, ಮೊದಲಿನದಕ್ಕಿಂತ ಚಿಕ್ಕ ಕುಂಡದಲ್ಲಿ ಹೊಸ ಮಿಕ್ಸ್. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ತೊಳೆದ ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ಈ ಹೊಟ್ಟು ಮಂಡ್ಯ ಕಡೆ ರೈಸ್ ಮಿಲ್ಲಿಂದ ತರಿಸ್ತೀನಿ, ಮಣ್ಣು ಹಗುರಾನೂ ಆಗುತ್ತೆ ಗಾಳೀನೂ ಆಡುತ್ತೆ. ಟೆರೇಸ್‌ಗೆ ಹಗುರ ಅನ್ನೋದು ಸಣ್ಣ ಮಾತಲ್ಲ, 12 ಇಂಚಿನ ಕುಂಡಕ್ಕೆ ಸುಮಾರು 15 ಲೀಟರ್ ಮಣ್ಣು ಹಿಡಿಯುತ್ತೆ, ಬರೀ ಕೆಂಪು ಮಣ್ಣು ಒದ್ದೆಯಾದ್ರೆ 25 ಕೆಜಿ ದಾಟುತ್ತೆ. ಕುಂಡದ ತಳಕ್ಕೆ ಜಲ್ಲಿ ಹಾಕಿ ಅಂತ ಆ ಮನೆ ಆಂಟಿ ಹೇಳಿದ್ರು, ಎಲ್ಲಾ ಮನೇಲೂ ಹೇಳ್ತಾರೆ, ನಾನು ಹಾಕಲ್ಲ. ನೀರು ನುಣ್ಣನೆ ಮಣ್ಣಿಂದ ದಪ್ಪ ಜಲ್ಲಿಗೆ ತಟ್ ಅಂತ ಇಳಿಯಲ್ಲ, ಜಲ್ಲಿ ಮೇಲಿನ ಮಣ್ಣಲ್ಲೇ ನಿಲ್ಲುತ್ತೆ, ಅಂದ್ರೆ ಒದ್ದೆ ಜಾಗ ಬೇರಿಗೆ ಇನ್ನೂ ಹತ್ತಿರ ಬಂದ ಹಾಗೆ. ತೂತು ಮುಚ್ಚದ ಹಾಗೆ ಒಂದು ಚೂರು ನೆಟ್ ಸಾಕು. ತಟ್ಟೆ ತೆಗೆದು ಪ್ರತಿ ಕುಂಡದ ಕೆಳಗೆ ಮೂರು ಟೈಲ್ಸ್ ಚೂರು ಜೋಡಿಸಿ ಒಂದು ಇಂಚು ಎತ್ತರ ಮಾಡಿದ್ವಿ, ನೀರು ಇಳಿದು ಹರಿದು ಮಳೆ ನೀರಿನ ಪೈಪಿಗೆ ಹೋಗೋ ಹಾಗೆ. ಟೈಲ್ಸ್ ಕಲೆ ವಾರಕ್ಕೊಂದು ಸಲ ಬ್ರಷ್ ಹೊಡೆದ್ರೆ ಹೋಗುತ್ತೆ ಅಂತ ಅವರನ್ನ ಒಪ್ಪಿಸಿದ್ದಾಯ್ತು.

ಒಟ್ಟು 13 ಗಿಡ ಉಳೀಲಿಲ್ಲ, ಗುಲಾಬಿ ದಾಸವಾಳ ಸೇರಿ 9, ನೆರಳಿನ ಸಾಲಿಂದು 4. ಕರಿಬೇವು ಹೋಯ್ತು, ಮಲ್ಲಿಗೆ ಮಾತ್ರ ಮೇ ತಿಂಗಳ ಮಳೆ ಬಿದ್ಮೇಲೆ ಚಿಗುರಿತು. ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ, ಈ ಕೆಲಸಕ್ಕೆ ಇಳಿಯೋರಿಗೆ ಬೇಕಾಗುತ್ತೆ. 38,000 ರೂಪಾಯಿ ಕೆಲಸ ಅದು, ಖರ್ಚೆಲ್ಲ ಕಳೆದು ಕೈಗೆ ಉಳಿದಿದ್ದು 9,000. ಬದಲಿ ಗಿಡಕ್ಕೆ 2,600, ಮಿಕ್ಸ್‌ಗೆ 1,800, ಎರಡು ದಿನ ಕೂಲಿ 1,400, ಗಾಡಿಗೆ 600. ಅಲ್ಲಿಗೆ 6,400 ಹೋಯ್ತು, ಉಳಿದಿದ್ದು 2,600.

ಆಮೇಲೆ ನರ್ಸರಿಯಲ್ಲಿ ಎರಡು ವಿಷಯ ಬದಲಾಯಿಸಿದೆ. ಲಾರಿ ಗಿಡ ಬಂದ ತಕ್ಷಣ ಮಾರಲ್ಲ. ಹೊರಗಿನ ಜೇಡಿ ಬಿಡಿಸಿ ನಮ್ಮ ಮಿಕ್ಸ್‌ಗೆ ಹಾಕಿ ನೆರಳು ಪರದೆ ಕೆಳಗೆ ಕಮ್ಮಿ ಅಂದ್ರೂ 45 ದಿನ ಇಡ್ತೀನಿ, ಹೊರಗಿನ ಮಿಕ್ಸ್‌ಗೆ ಬಿಳಿ ಬೇರು ಬಂದಿದೆಯಾ ಅಂತ ಒಂದೆರಡು ಗಿಡ ಎಳೆದು ನೋಡಿಯೇ ಕಳಿಸೋದು. ಅಷ್ಟು ದಿನ ಜಾಗಾನೂ ಹಿಡಿಯುತ್ತೆ ದುಡ್ಡೂ ಸಿಕ್ಕಿಹಾಕಿಕೊಂಡಿರುತ್ತೆ, ಗಿಡದ ಬೆಲೆ ಪಕ್ಕದ ನರ್ಸರಿಗಿಂತ 40-50 ರೂಪಾಯಿ ಜಾಸ್ತಿ ಆಗುತ್ತೆ, ಅದಕ್ಕೆ ಕೆಲವರು ವಾಪಸ್ ಹೋಗ್ತಾರೆ. ಇನ್ನೊಂದು, ಗಾರ್ಡನ್ ಹಾಕಿಕೊಟ್ರೆ ಮೊದಲ ಎರಡು ತಿಂಗಳ ನಾಲ್ಕು ವಿಸಿಟ್ ಅದೇ ರೇಟಲ್ಲೇ ಸೇರಿಸಿಬಿಟ್ಟೆ, ಬೇಡ ಅಂದ್ರೂ ಹೋಗ್ತೀನಿ. ಹೋದಾಗ ಒಂದು ಬಿದಿರು ಕಡ್ಡಿ ಕಾಂಡದ ಹತ್ತಿರ ಹೆಂಟೆಗೇ ಚುಚ್ಚಿ, ಎರಡು ನಿಮಿಷ ಬಿಟ್ಟು ತೆಗೆದು ಕಡ್ಡಿ ಒದ್ದೆ ಆಗಿದೆಯಾ ಅಂತ ನೋಡ್ತೀವಿ. ಕುಂಡದ ಅಂಚಲ್ಲಿ ಚುಚ್ಚಿದ್ರೆ ಪ್ರಯೋಜನ ಇಲ್ಲ, ಅಲ್ಲಿ ಯಾವಾಗಲೂ ಒದ್ದೆನೇ ಇರುತ್ತೆ.

ಆ ಸರ್ ಈಗ ತಿಂಗಳಿಗೆ 1,500 ಕೊಟ್ಟು ಮೇಂಟೆನೆನ್ಸ್‌ಗೆ ಸೇರಿದಾರೆ. ನೀರು ಮಾತ್ರ ಅವರೇ ಹಾಕ್ತಾರೆ, ಅದು ಬಿಟ್ಟುಕೊಡಲ್ಲ, ಟ್ಯಾಂಕ್ ಪಕ್ಕ ಒಂದು ಬಿದಿರು ಕಡ್ಡಿ ಇಟ್ಕೊಂಡಿದಾರೆ. ಹೋದ ವಾರ ನಮ್ಮಲ್ಲಿ ಹೊಸ ಲಾರಿ ಇಳೀತು, 60 ಗುಲಾಬಿ. ಅವರು ಫೋನ್ ಮಾಡಿ ಹತ್ತು ನನಗೆ ಬೇಕು ಅಂದ್ರು. ಇನ್ನೂ ಜೇಡಿ ಬಿಡಿಸ್ತಾ ಇದೀವಿ ಸರ್, ಒಂದೂವರೆ ತಿಂಗಳು ಆಗುತ್ತೆ ಅಂದೆ. "ಆಗ್ಲಮ್ಮ, ಬೇರು ನೋಡ್ಬಿಟ್ಟೇ ತಗೋತೀನಿ" ಅಂದ್ರು.